ಎರಡು ಪ್ರೊಜೆಕ್ಟರ್, ಒಂದೇ ಅಗಲ ಚಿತ್ರ: ನಡುವಿನ ಮೂರು ಅಡಿ ಕಾಟ ಕೊಡ್ತಿದೆ (ತುಮಕೂರು, ಭಾನುವಾರ ಕಾರ್ಯಕ್ರಮ)

ತಿಪಟೂರ್ ಹುಡುಗ · ಗುರುವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ನನ್ನದು ಸಣ್ಣ ಸೌಂಡ್ ಮತ್ತು ಲೈಟ್ ಬಾಡಿಗೆ ಅಂಗಡಿ. ಈ ಭಾನುವಾರ ತುಮಕೂರಿನಲ್ಲಿ, ಬಿ.ಎಚ್. ರಸ್ತೆ ಪಕ್ಕದ ಒಂದು ಸಭಾಂಗಣದಲ್ಲಿ ತೆಂಗು ಬೆಳೆಗಾರರ ಸಭೆ ಇದೆ. ವೇದಿಕೆ ಹಿಂದೆ 27 ಅಡಿ ಅಗಲದ ಬಿಳಿ ಪರದೆ ಕಟ್ಟಿದ್ದೇವೆ. ಅದರ ತುಂಬಾ ಒಂದೇ ಚಿತ್ರ ಬರಬೇಕು ಅಂತ ಕಮಿಟಿಯವರ ಆಸೆ.

ಒಂದೇ ಮಾಡೆಲ್ಲಿನ ಎರಡು ಪ್ರೊಜೆಕ್ಟರ್ ಬಾಡಿಗೆಗೆ ತಂದಿದ್ದೇನೆ. ಎರಡೂ 1920x1200. ಒಂದೊಂದರ ಚಿತ್ರ 15 ಅಡಿ ಅಗಲ. ನಡುವೆ 3 ಅಡಿ ಒಂದರ ಮೇಲೊಂದು ಕೂತಿದೆ. ಮೆನುವಿನಲ್ಲಿ Edge Blending ಆನ್ ಮಾಡಿ 384 ಅಂತ ಕೊಟ್ಟೆ. ಲ್ಯಾಪ್‌ಟಾಪಿನಿಂದ ಎರಡಕ್ಕೂ ಕೇಬಲ್ ಎಳೆದು, ವಿಂಡೋಸಿನಲ್ಲಿ Extend ಹಾಕಿದ್ದೇನೆ.

ಇವತ್ತು ಹಚ್ಚಿ ನೋಡಿದರೆ ಮೂರು ತೊಂದರೆ. ನಡುವಿನ ಮೂರು ಅಡಿಯಲ್ಲಿ ಅಕ್ಷರದ ಮೇಲೆ ಅಕ್ಷರ ಕೂತು ಏನೂ ಓದಕ್ಕಾಗಲ್ಲ. ಬಿಳಿ ಸ್ಲೈಡ್ ಹಾಕಿದರೆ ಅದೇ ಜಾಗದಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಮಬ್ಬು ಪಟ್ಟಿ. ಕಪ್ಪು ಸ್ಲೈಡ್ ಹಾಕಿದರೆ ಅದೇ ಪಟ್ಟಿ ಬೆಳ್ಳಗೆ ಕಾಣುತ್ತೆ! ಒಂದೇ ಜಾಗ ಒಮ್ಮೆ ಕತ್ತಲೆ, ಒಮ್ಮೆ ಬೆಳಕು. ತಲೆ ಕೆಟ್ಟು ಹೋಗಿದೆ. ಯಾರಾದ್ರೂ ದಾರಿ ಹೇಳಿ.

ಡಿಜೆ ಕ್ಯಾತಸಂದ್ರ · ಗುರುವಾರ, ರಾತ್ರಿ 11:05

ಎಲ್‌ಇಡಿ ವಾಲ್ ಹಾಕಿಸಿ ಆರಾಮಾಗಿ ಮಲಗಿ ಗುರು.

ತಿಪಟೂರ್ ಹುಡುಗ · ಗುರುವಾರ, ರಾತ್ರಿ 11:08

ಆ ದುಡ್ಡು ನೀವು ಕೊಡ್ತೀರಾ ಅಂತ ಕಮಿಟಿಯವರು ಕೇಳಕ್ಕೆ ಹೇಳಿದ್ದಾರೆ.

ಮದುವೆ ಕ್ಯಾಮೆರಾ · ಗುರುವಾರ, ರಾತ್ರಿ 11:20

ಇದಕ್ಕೆಲ್ಲ ಇಷ್ಟು ಒದ್ದಾಟ ಯಾಕೆ? ನಾವು ಛತ್ರಗಳಲ್ಲಿ ವಾರ ವಾರ ಮಾಡ್ತೀವಿ. ಒಂದು ಎಚ್‌ಡಿಎಂಐ ಸ್ಪ್ಲಿಟರ್ ತಗೊಳ್ಳಿ, ಎರಡು ಪ್ರೊಜೆಕ್ಟರಿಗೂ ಕೊಡಿ. ಮುಹೂರ್ತ ಎಡಗಡೆ ಪರದೆಯಲ್ಲೂ ಬರುತ್ತೆ, ಬಲಗಡೆಯಲ್ಲೂ ಬರುತ್ತೆ. ಊಟದ ಹಾಲಿಗೂ ಒಂದು ಕೊಟ್ಟಿದ್ದೇವೆ. ಒಂದು ದಿನವೂ ತೊಂದರೆ ಆಗಿಲ್ಲ.

ತಿಪಟೂರ್ ಹುಡುಗ · ಗುರುವಾರ, ರಾತ್ರಿ 11:26

ಅಣ್ಣ, ನಿಮ್ಮದು ಎರಡು ಪರದೆಯಲ್ಲಿ ಒಂದೇ ಚಿತ್ರ. ನನಗೆ ಬೇಕಾಗಿರೋದು ಎರಡೂ ಸೇರಿ ಒಂದು ಚಿತ್ರ. ಎಡಗಡೆ ತೆಂಗಿನ ಮರದ ಬುಡ, ಬಲಗಡೆ ಗರಿ ಅಂದುಕೊಳ್ಳಿ.

ಕೇಬಲ್ ಗುರು · ಗುರುವಾರ, ರಾತ್ರಿ 11:41

ಬಹಳ ಸುಲಭ. ನಡುವೆ ಎರಡೂ ಪ್ರೊಜೆಕ್ಟರಿನ ಬೆಳಕು ಸೇರುತ್ತೆ, ಹಾಗಾಗಿ ಎರಡನ್ನೂ ಅಲ್ಲಿ ಕಡಿಮೆ ಮಾಡಬೇಕು. ಎಡಗಡೆಯದು ನಿಧಾನಕ್ಕೆ 100ರಿಂದ 0ಗೆ ಇಳಿಯಬೇಕು, ಬಲಗಡೆಯದು 0ಯಿಂದ 100ಕ್ಕೆ ಏರಬೇಕು. ಸರಿಯಾಗಿ ನಡುವೆ ಇದೂ 50, ಅದೂ 50. ಕೂಡಿದರೆ 100. ಮೆನುವಿನಲ್ಲಿ ಗೆರೆ ನೇರವಾಗಿ ಇಳಿಯೋ ಹಾಗೆ ಇಡಿ, ಪಟ್ಟಿ ಮಾಯ.

ಗುಬ್ಬಿ ಗೇಟ್ · ಶುಕ್ರವಾರ, ಬೆಳಿಗ್ಗೆ 6:15

ಕೇಬಲ್ ಗುರು ಹೇಳಿದ್ದರಲ್ಲಿ ಅರ್ಧ ಸರಿ. ಬಾಕಿ ಅರ್ಧದಿಂದಲೇ ಆ ಮಬ್ಬು ಪಟ್ಟಿ ಬರುತ್ತಿರೋದು. ಅದಕ್ಕೆ ಆಮೇಲೆ ಬರ್ತೀನಿ. ತಿಪಟೂರಿನವರಿಗೆ ಮೊದಲು ಒಂದು ಮಾತು: ನಿಮಗಿರೋದು ಮೂರು ಬೇರೆ ಬೇರೆ ಕಾಯಿಲೆ. ಒಂದೇ ಮಾತ್ರೆಯಲ್ಲಿ ವಾಸಿಯಾಗಲ್ಲ. ಅಕ್ಷರದಿಂದ ಶುರು ಮಾಡಿ. ಅದು ಸರಿಯಾಗದೆ ಬೆಳಕಿನ ಮೇಲೆ ಕೈ ಹಾಕಬೇಡಿ.

Extend ಹಾಕಿದಾಗ ವಿಂಡೋಸ್ ಏನು ಮಾಡುತ್ತೆ ಯೋಚನೆ ಮಾಡಿ. ಎಡ ಪ್ರೊಜೆಕ್ಟರಿಗೆ ಮೊದಲ 1920 ಪಿಕ್ಸೆಲ್, ಬಲದ್ದಕ್ಕೆ ಮುಂದಿನ 1920. ಅಂದ್ರೆ ಎಡದ್ದರ ಕೊನೆಯ 384 ಪಿಕ್ಸೆಲ್‌ನಲ್ಲಿ ಒಂದು ಚಿತ್ರ, ಬಲದ್ದರ ಮೊದಲ 384ರಲ್ಲಿ ಅದರ ಮುಂದಿನ ಚಿತ್ರ. ನೀವು ಆ ಎರಡನ್ನೂ ಪರದೆಯ ಒಂದೇ ಜಾಗದಲ್ಲಿ ಬಿಟ್ಟಿದ್ದೀರಿ. ಅಕ್ಷರದ ಮೇಲೆ ಅಕ್ಷರ ಕೂರದೆ ಇನ್ನೇನಾಗುತ್ತೆ? ಪ್ರೊಜೆಕ್ಟರಿನ Edge Blending ಅಂಚನ್ನು ಮಸುಕು ಮಾಡುತ್ತೆ, ಅಷ್ಟೇ. ನಡುವಿನ ಚಿತ್ರವನ್ನು ಎರಡಕ್ಕೂ ಹಂಚುವ ಕೆಲಸ ಅದು ಮಾಡಲ್ಲ. ಅದನ್ನು ಸಿಗ್ನಲ್ ಕಳಿಸುವ ಕಡೆಯೇ ಮಾಡಿಕೊಳ್ಳಬೇಕು.

ಹಾಗಾಗಿ ನಿಮ್ಮ ನಿಜವಾದ ಚಿತ್ರ 3840 ಅಗಲ ಅಲ್ಲ. 3840ರಲ್ಲಿ 384 ಕಳೆದು 3456. ಎತ್ತರ 1200. ಎಡದ್ದಕ್ಕೆ 0ಯಿಂದ 1919ರವರೆಗೆ ಹೋಗಬೇಕು. ಬಲದ್ದಕ್ಕೆ 1536ರಿಂದ 3455ರವರೆಗೆ. 1536ರಿಂದ 1919ರವರೆಗಿನ ತುಂಡು ಎರಡಕ್ಕೂ ಹೋಗಬೇಕು.

ಇದನ್ನು ಮಾಡೋ ಪೆಟ್ಟಿಗೆಗಳು ಬಾಡಿಗೆಗೆ ಸಿಗುತ್ತವೆ. ಎನ್ವಿಡಿಯಾದ ವರ್ಕ್‌ಸ್ಟೇಷನ್ ಕಾರ್ಡುಗಳಲ್ಲಿ Mosaic ಅಂತ ಇದೆ, ಅದೂ ಮಾಡುತ್ತೆ. ರೆಸಲ್ಯೂಮ್ ಅರೀನಾ ಕೂಡ ಮಾಡುತ್ತೆ. ನಿಮ್ಮ ಹತ್ತಿರ ಯಾವುದಿದೆ? ತೋರಿಸಬೇಕಾಗಿರೋದು ಏನು, ವಿಡಿಯೋನಾ ಸ್ಲೈಡಾ?

ತಿಪಟೂರ್ ಹುಡುಗ · ಶುಕ್ರವಾರ, ಬೆಳಿಗ್ಗೆ 8:30

ಅಣ್ಣಾ, ಕಣ್ಣು ತೆರೆಸಿದ್ರಿ. ಯಾವುದೂ ಇಲ್ಲ, ಮಾಮೂಲಿ ಲ್ಯಾಪ್‌ಟಾಪ್. 40 ಸ್ಲೈಡ್ ಇದೆ, ವಿಡಿಯೋ ಇಲ್ಲ. ಅಧ್ಯಕ್ಷರು ಕೈಯಲ್ಲಿ ಕ್ಲಿಕ್ಕರ್ ಹಿಡಿದು ಒತ್ತುತ್ತಾರೆ.

ಗುಬ್ಬಿ ಗೇಟ್ · ಶುಕ್ರವಾರ, ಬೆಳಿಗ್ಗೆ 9:10

ಅಣ್ಣ ಅಲ್ಲ, ಅಕ್ಕ. ಇರಲಿ.

ಸ್ಲೈಡ್ ಮಾತ್ರ ಆದ್ರೆ ಕಾಸು ಖರ್ಚಿಲ್ಲದೆ ಮಾಡಬಹುದು. ಪವರ್‌ಪಾಯಿಂಟಿನಲ್ಲಿ ಸ್ಲೈಡ್ ಅಳತೆ 36 ಇಂಚು ಅಗಲ, 12.5 ಇಂಚು ಎತ್ತರ ಇಡಿ. ಎಲ್ಲಾ ಸ್ಲೈಡನ್ನೂ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಸರಿಯಾಗಿ 3456x1200 ಬರುತ್ತೆ, ಯಾಕಂದ್ರೆ ಅದು ಇಂಚಿಗೆ 96 ಪಿಕ್ಸೆಲ್ ಲೆಕ್ಕ ಹಿಡಿಯುತ್ತೆ. ಆಮೇಲೆ ಪ್ರತಿ ಚಿತ್ರವನ್ನೂ ಎಡ ತುಂಡು, ಬಲ ತುಂಡು ಮಾಡಿ ಪಕ್ಕಪಕ್ಕ ಅಂಟಿಸಿ:

```
ffmpeg -i Slide%d.PNG -filter_complex "split[a][b];[a]crop=1920:1200:0:0[l];[b]crop=1920:1200:1536:0[r];[l][r]hstack" out%03d.png
```

ಈಗ ಸಿಗೋ ಚಿತ್ರ 3840 ಅಗಲ ಇರುತ್ತೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ನಡುವೆ ಒಂದೇ ತುಂಡು ಎರಡು ಸಲ ಕಾಣುತ್ತೆ. ಗಾಬರಿ ಬೇಡ, ಅದೇ ಬೇಕಾಗಿರೋದು. ಚಿತ್ರಗಳನ್ನೆಲ್ಲ slides ಅನ್ನೋ ಫೋಲ್ಡರಿಗೆ ಹಾಕಿ, ಎರಡೂ ಪ್ರೊಜೆಕ್ಟರಿನ ಮೇಲೆ ಹರಡಿ ತೋರಿಸಿ. ಲ್ಯಾಪ್‌ಟಾಪಿನ ಸ್ವಂತ ಪರದೆ 1920 ಅಗಲ ಅಂತ ಇಟ್ಟುಕೊಂಡಿದ್ದೇನೆ:

```
mpv --no-border --geometry=3840x1200+1920+0 --image-display-duration=inf slides
```

ವಿಂಡೋಸಿನಲ್ಲಿ ಎಲ್ಲಾ ಪರದೆಗೂ ಸ್ಕೇಲಿಂಗ್ 100% ಇರಲಿ, ಇಲ್ಲಾಂದ್ರೆ ಅಳತೆ ತಪ್ಪುತ್ತೆ. ಮೂರು ಪರದೆಯನ್ನೂ ಸೆಟ್ಟಿಂಗಿನಲ್ಲಿ ಮೇಲಂಚು ಸಮ ಇರೋ ಹಾಗೆ ಜೋಡಿಸಿ. ಕ್ಲಿಕ್ಕರ್‌ಗಳು ಸಾಮಾನ್ಯವಾಗಿ ಪೇಜ್‌ಡೌನ್ ಕೀ ಕಳಿಸುತ್ತವೆ. ಎಂಪಿವಿಯ input.conf ಕಡತದಲ್ಲಿ ಈ ಎರಡು ಸಾಲು ಹಾಕಿ:

```
PGDWN playlist-next
PGUP playlist-prev
```

ಅನಿಮೇಷನ್ ಇದ್ರೆ ಹೋಯ್ತು. ಪದಗಳು ಹಾರಿಕೊಂಡು ಬರಲ್ಲ. ಅಧ್ಯಕ್ಷರಿಗೆ ಈಗಲೇ ಹೇಳಿಬಿಡಿ.

ಕೋಲಾರ ಮೇಷ್ಟ್ರು · ಶುಕ್ರವಾರ, ಬೆಳಿಗ್ಗೆ 11:00

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಶಾಲೆಯಲ್ಲಿ ಹಳೆಯ ಚೌಕ ಚಿತ್ರದ್ದು ಒಂದು, ಹೊಸ ಅಗಲ ಚಿತ್ರದ್ದು ಒಂದು ಪ್ರೊಜೆಕ್ಟರ್ ಇದೆ. ಇವೆರಡನ್ನೂ ಹೀಗೆ ಸೇರಿಸಬಹುದಾ? ವಾರ್ಷಿಕೋತ್ಸವಕ್ಕೆ ಆಸೆ ಇದೆ.

ಗುಬ್ಬಿ ಗೇಟ್ · ಶುಕ್ರವಾರ, ಮಧ್ಯಾಹ್ನ 1:20

ಮೇಷ್ಟ್ರೇ, ಲೆಕ್ಕದಲ್ಲಿ ಆಗುತ್ತೆ, ಕಣ್ಣಿಗೆ ಆಗಲ್ಲ. ಬಣ್ಣ ಬೇರೆ, ಬೆಳಕು ಬೇರೆ, ಪಿಕ್ಸೆಲ್ ದಪ್ಪ ಬೇರೆ. ಪಕ್ಕಪಕ್ಕ ಎರಡು ಪರದೆ ಕಟ್ಟಿ ಒಂದು ಅಡಿ ಜಾಗ ಬಿಡಿ, ಹಾಗೇ ಚೆನ್ನಾಗಿರುತ್ತೆ.

ತಿಪಟೂರಿನವರೇ, ಈಗ ಜೋಡಣೆ. ಇದಕ್ಕೆ Edge Blending ಆಫ್ ಮಾಡಿಕೊಳ್ಳಿ. ಪ್ರೊಜೆಕ್ಟರ್ ಹಚ್ಚಿ ಅರ್ಧ ಗಂಟೆ ಬಿಡಿ. ಬಿಸಿಯಾಗುತ್ತಾ ಚಿತ್ರ ಸ್ವಲ್ಪ ಜರುಗುತ್ತೆ, ತಣ್ಣಗಿರುವಾಗ ಮಾಡಿದ ಜೋಡಣೆ ನಿಲ್ಲಲ್ಲ.

ಕೀಸ್ಟೋನ್ ಎಷ್ಟಿಟ್ಟಿದ್ದೀರೋ ಅದನ್ನು ಸೊನ್ನೆ ಮಾಡಿ. ಕೀಸ್ಟೋನ್ ಅಂದ್ರೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸೋದು, ಗೆರೆಗಳು ಮಂಜಾಗುತ್ತವೆ. ಪ್ರೊಜೆಕ್ಟರನ್ನೇ ಮಟ್ಟಗೋಲು ಇಟ್ಟು ಸಮ ಮಾಡಿ. ಲೆನ್ಸ್ ಶಿಫ್ಟ್ ಇದ್ರೆ ಚಿತ್ರವನ್ನು ಅದರಿಂದ ಮೇಲೆ ಕೆಳಗೆ ಸರಿಸಿ. ಪರದೆಯ ಎಡ ಅಂಚಿನಿಂದ ಟೇಪು ಹಿಡಿದು 12 ಅಡಿಗೆ ಒಂದು, 15 ಅಡಿಗೆ ಒಂದು ಗುರುತು ಹಾಕಿ. ಬಲ ಚಿತ್ರ 12ಕ್ಕೆ ಶುರುವಾಗಬೇಕು, ಎಡ ಚಿತ್ರ 15ಕ್ಕೆ ಮುಗಿಯಬೇಕು.

ಆಮೇಲೆ 1920x1200ರ ಎರಡು ಚೌಕುಳಿ ಚಿತ್ರ ಮಾಡಿಕೊಳ್ಳಿ. ಕಪ್ಪು ಹಿನ್ನೆಲೆ, 64 ಪಿಕ್ಸೆಲಿಗೆ ಒಂದು ಗೆರೆ. ಎಡದ್ದಕ್ಕೆ ಕೆಂಪು ಗೆರೆ, ಬಲದ್ದಕ್ಕೆ ಹಸಿರು. ನಿಮ್ಮ ಅಳತೆಯಲ್ಲಿ 64 ಪಿಕ್ಸೆಲ್ ಅಂದ್ರೆ ಅರ್ಧ ಅಡಿ, ಹಾಗಾಗಿ ನಡುವಿನ ಮೂರು ಅಡಿಯಲ್ಲಿ ಆರು ಮನೆ ಇರುತ್ತೆ. ಕೆಂಪಿನ ಮೇಲೆ ಹಸಿರು ಸರಿಯಾಗಿ ಕೂತ ಕಡೆ ಗೆರೆ ಹಳದಿ ಆಗುತ್ತೆ. ತಪ್ಪಿದ ಕಡೆ ಕೆಂಪು ಒಂದು ಪಕ್ಕ, ಹಸಿರು ಒಂದು ಪಕ್ಕ ಇಣುಕುತ್ತೆ.

ಎಡದ್ದನ್ನು ಒಮ್ಮೆ ಸರಿ ಮಾಡಿದ ಮೇಲೆ ಮುಟ್ಟಲೇಬೇಡಿ. ಬಲದ್ದನ್ನು ಅದರ ಹತ್ತಿರಕ್ಕೆ ತನ್ನಿ. ಎಲ್ಲಿ ತಪ್ಪಿದೆ ಅಂತ ಗೆರೆಗಳೇ ಹೇಳುತ್ತವೆ. ಮೊದಲ ಮನೆಯಲ್ಲಿ ಹಳದಿ ಇದ್ದು, ಆರನೇ ಮನೆಗೆ ಹೋಗೋ ಹೊತ್ತಿಗೆ ಗೆರೆ ಒಡೆದರೆ ಅದು ಝೂಮ್ ತಪ್ಪು. ಬಲ ಚಿತ್ರ ನೂರಕ್ಕೆ ಒಂದು ಪಾಲು ದೊಡ್ಡದಾದರೂ ಸಾಕು, 384 ಪಿಕ್ಸೆಲ್ ದಾಟುವಷ್ಟರಲ್ಲಿ ನಾಲ್ಕು ಪಿಕ್ಸೆಲ್ ಆಚೆ ಹೋಗಿರುತ್ತೆ. ಮೇಲೆ ಹಳದಿ ಇದ್ದು ಕೆಳಗೆ ಒಡೆದರೆ ಪ್ರೊಜೆಕ್ಟರ್ ವಾಲಿದೆ. ಎಲ್ಲಾ ಕಡೆ ಒಂದೇ ಸಮ ತಪ್ಪಿದ್ದರೆ ಬರೀ ಶಿಫ್ಟ್ ಸಾಕು.

ಕೊನೆಯ ಎರಡು ಮೂರು ಪಿಕ್ಸೆಲಿಗೆ ಮಾತ್ರ ಮೆನುವಿನ ಮೂಲೆ ತಿದ್ದುಪಡಿ ಬಳಸಿ. ನಿಮ್ಮ ಒಂದು ಪಿಕ್ಸೆಲ್ ಹೆಚ್ಚುಕಡಿಮೆ 2.4 ಮಿಲಿಮೀಟರ್. ಒಂದು ಪಿಕ್ಸೆಲ್ ತಪ್ಪಿದರೆ ಮುಂದಿನ ಸಾಲಿನವರಿಗೆ ಗೊತ್ತಾಗಬಹುದು, ಹತ್ತನೇ ಸಾಲಿಗೆ ಗೊತ್ತಾಗಲ್ಲ. ಹೊರ ಅಂಚುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಪರದೆಯ ಕಪ್ಪು ಪಟ್ಟಿ ಅದನ್ನು ನುಂಗುತ್ತೆ.

ತಿಪಟೂರ್ ಹುಡುಗ · ಶನಿವಾರ, ಮಧ್ಯಾಹ್ನ 3:45

ಅಕ್ಕ, ಹಾಲಿನಿಂದಲೇ ಬರೀತಿದ್ದೇನೆ. ಸ್ಲೈಡ್ ಉಪಾಯ ಕೆಲಸ ಮಾಡ್ತು, ಅಕ್ಷರ ಈಗ ಒಂದೇ ಕಾಣ್ತಿದೆ. ಆದ್ರೆ ಒಂದು ವಿಚಿತ್ರ. ಅಡ್ಡ ಗೆರೆಗಳು ಏನು ಮಾಡಿದರೂ ಕೂರುತ್ತಿಲ್ಲ. ಬಲ ಚಿತ್ರದ ಮೇಲೆ ಕೆಳಗೆ ಸಣ್ಣ ಕಪ್ಪು ಪಟ್ಟಿ ಇದೆ. ಸ್ಲೈಡಿನ ಕೆಳಗಿರೋ ಒಂದು ಸಾಲು ಬಲಗಡೆ ಮಾತ್ರ ಕತ್ತರಿಸಿ ಹೋಗಿದೆ.

ಗುಬ್ಬಿ ಗೇಟ್ · ಶನಿವಾರ, ಮಧ್ಯಾಹ್ನ 3:58

ಬಲದ್ದಕ್ಕೆ ಹೋಗ್ತಿರೋದು 1920x1080. ನಿಮ್ಮ ಕಿಟಕಿಯ ಕೊನೆಯ 120 ಸಾಲು ಅಲ್ಲಿ ಹೊರಗೆ ಬಿದ್ದಿದೆ. ಆ 1080 ಸಾಲು 1200ರ ನಡುವೆ ಕೂತಿದೆ, ಮೇಲೆ 60, ಕೆಳಗೆ 60 ಖಾಲಿ. ಅದಕ್ಕೇ ಅಡ್ಡ ಗೆರೆ ಕೂರುತ್ತಿಲ್ಲ. ಬಲಗಡೆ ಏನಾದ್ರೂ ಅಡಾಪ್ಟರ್ ಹಾಕಿದ್ದೀರಾ?

ತಿಪಟೂರ್ ಹುಡುಗ · ಶನಿವಾರ, ಸಂಜೆ 4:30

ಹೌದು, ಟೈಪ್-ಸಿಯಿಂದ ಎಚ್‌ಡಿಎಂಐ ಮಾಡೋ ಅಡಾಪ್ಟರ್. ಸೆಟ್ಟಿಂಗಿನಲ್ಲಿ 1200 ತೋರಿಸಲೇ ಇಲ್ಲ. ಓಡಿ ಹೋಗಿ ಇನ್ನೊಂದು ತಂದೆ, ತಕ್ಷಣ 1920x1200 ಬಂತು. ಒಂದೂವರೆ ಗಂಟೆ ಸುಮ್ನೆ ಲೆನ್ಸ್ ತಿರುಗಿಸ್ತಾ ಕೂತಿದ್ದೆ.

ಈಗ ಗೆರೆ ಹಳದಿ. ಆರನೇ ಮನೆಯಲ್ಲಿ ಕೂದಲೆಳೆಯಷ್ಟು ಹಸಿರು ಇಣುಕ್ತಿದೆ, ಬಿಟ್ಟಿದ್ದೇನೆ. Edge Blending ಆನ್ ಮಾಡಿದೆ. ಆ ಮಬ್ಬು ಪಟ್ಟಿ ಹಾಗೇ ಇದೆ. ಕೇಬಲ್ ಗುರು ಹೇಳಿದ ಹಾಗೆ ಗೆರೆ ನೇರವಾಗೇ ಇಟ್ಟಿದ್ದೇನೆ.

ಗುಬ್ಬಿ ಗೇಟ್ · ಶನಿವಾರ, ಸಂಜೆ 5:05

ಅಲ್ಲೇ ಇರೋದು ವಿಷಯ. ಇದೂ 50, ಅದೂ 50, ಕೂಡಿದರೆ 100 ಅನ್ನೋದು ಬೆಳಕಿಗೆ ಸರಿ. ಆದ್ರೆ ಪ್ರೊಜೆಕ್ಟರಿಗೆ ನಾವು ಕಳಿಸೋದು ಬೆಳಕಲ್ಲ, ಸಿಗ್ನಲ್. ಅರ್ಧ ಸಿಗ್ನಲ್ ಕೊಟ್ಟರೆ ಅರ್ಧ ಬೆಳಕು ಬರಲ್ಲ. ಗಾಮಾ 2.2 ಇರೋ ಪ್ರೊಜೆಕ್ಟರಿನಲ್ಲಿ ಅರ್ಧ ಸಿಗ್ನಲಿಗೆ ಬರೋದು ನೂರಕ್ಕೆ 22ರಷ್ಟು ಬೆಳಕು ಮಾತ್ರ. ಎರಡೂ ಸೇರಿ 44. ಅಕ್ಕಪಕ್ಕ 100 ಇದ್ದು ನಡುವೆ 44 ಇದ್ರೆ ಒದ್ದೆ ಬಟ್ಟೆಯ ಪಟ್ಟಿ ಕಾಣದೆ ಇರುತ್ತಾ? ಅರ್ಧ ಬೆಳಕು ಬೇಕಂದ್ರೆ ಸಿಗ್ನಲ್ ನೂರಕ್ಕೆ 73 ಇರಬೇಕು. 255ರ ಲೆಕ್ಕದಲ್ಲಿ 186.

ಅದಕ್ಕೇ ಬ್ಲೆಂಡ್ ಮೆನುವಿನಲ್ಲಿ ಗಾಮಾ ಅಥವಾ ಕರ್ವ್ ಅಂತ ಇರುತ್ತೆ. 2.2ರಿಂದ ಶುರು ಮಾಡಿ. ಪೂರ್ತಿ ಬಿಳಿ ಸ್ಲೈಡ್ ಹಾಕಿ ಹಾಲಿನ ನಡುವೆ ನಿಂತು ನೋಡಿ. ಪಟ್ಟಿ ಕತ್ತಲೆ ಇದ್ರೆ ಏರಿಸಿ, ಹೊಳೆದರೆ ಇಳಿಸಿ. ಆಮೇಲೆ ನಡು ಬೂದು ಬಣ್ಣ ಹಾಕಿಯೂ ನೋಡಿ. ಬಿಳಿಯಲ್ಲಿ ಸರಿ ಇದ್ದು ಬೂದು ಬಣ್ಣದಲ್ಲಿ ಪಟ್ಟಿ ಕಂಡರೆ, ಎರಡೂ ಪ್ರೊಜೆಕ್ಟರಿನ ಪಿಕ್ಚರ್ ಮೋಡ್ ನೋಡಿ. Dynamic ತರಹದ್ದು ಇದ್ರೆ ತೆಗೆಯಿರಿ. ಆಟೋ ಐರಿಸ್ ಎರಡರಲ್ಲೂ ಆಫ್. ಇಲ್ಲಾಂದ್ರೆ ಸ್ಲೈಡ್ ಬದಲಾದ ಹಾಗೆಲ್ಲ ಒಂದೊಂದೂ ತನ್ನಿಷ್ಟಕ್ಕೆ ಬೆಳಕು ಏರಿಸಿ ಇಳಿಸುತ್ತೆ.

ಕೇಬಲ್ ಗುರು · ಶನಿವಾರ, ಸಂಜೆ 5:20

ಒಪ್ಪಿದೆ ಅಕ್ಕ. ಆದ್ರೆ ನಾನು ಒಮ್ಮೆ ನೇರ ಗೆರೆಯಲ್ಲೇ ಮಾಡಿದ್ದೆ, ಪಟ್ಟಿ ಬಂದಿರಲಿಲ್ಲ.

ಗುಬ್ಬಿ ಗೇಟ್ · ಶನಿವಾರ, ಸಂಜೆ 5:32

ಇರಬಹುದು. ಕೆಲವು ಯಂತ್ರಗಳು ಗಾಮಾ ಲೆಕ್ಕವನ್ನು ಒಳಗೇ ಮಾಡಿಕೊಂಡು ಮೆನುವಿನಲ್ಲಿ ನೇರ ಗೆರೆ ತೋರಿಸುತ್ತವೆ. ಅಂಥ ಕಡೆ ನೀವು ಹೇಳಿದ್ದೇ ಸರಿ. ಇವರದ್ದು ಆ ಥರ ಅಲ್ಲ ಅಂತ ಪಟ್ಟಿಯೇ ಹೇಳ್ತಿದೆ.

ತಿಪಟೂರ್ ಹುಡುಗ · ಶನಿವಾರ, ರಾತ್ರಿ 8:10

2.2 ಅಂತ ಇಟ್ಟ ತಕ್ಷಣ ಪಟ್ಟಿ ಮುಕ್ಕಾಲು ಪಾಲು ಹೋಯ್ತು. 2.3ಕ್ಕೆ ಬಿಳಿಯಲ್ಲಿ ಪೂರ್ತಿ ಮಾಯ. ಹಾಲಿನ ವಾಚ್‌ಮನ್ ಬಂದು "ಎರಡು ಮಿಷನ್ ಎಲ್ಲಿ, ಒಂದೇ ಹಾಕಿದ್ದೀರಲ್ಲ" ಅಂದ್ರು. ಅವತ್ತಿನ ಸುಸ್ತೆಲ್ಲ ಇಳೀತು.

ಆದ್ರೆ ದೀಪ ಆರಿಸಿ ಕಪ್ಪು ಸ್ಲೈಡ್ ಹಾಕಿದರೆ ಮೂರು ಅಡಿಯ ಬೂದು ಪಟ್ಟಿ ಇನ್ನೂ ನಿಂತಿದೆ. ಬ್ಲೆಂಡ್ ಗಾಮಾ ಏನು ಮಾಡಿದರೂ ಅಲ್ಲಾಡ್ತಿಲ್ಲ.

ಗುಬ್ಬಿ ಗೇಟ್ · ಶನಿವಾರ, ರಾತ್ರಿ 8:40

ಅಲ್ಲಾಡಲ್ಲ. ಪ್ರೊಜೆಕ್ಟರ್ ಕಪ್ಪು ತೋರಿಸುವಾಗಲೂ ಲೆನ್ಸಿನಿಂದ ಸ್ವಲ್ಪ ಬೆಳಕು ಸೋರುತ್ತೆ. ಅಕ್ಕಪಕ್ಕ ಒಂದು ಪ್ರೊಜೆಕ್ಟರಿನ ಸೋರಿಕೆ, ನಡುವೆ ಎರಡರದ್ದು. ಸಿಗ್ನಲ್ ಆಗಲೇ ಸೊನ್ನೆ ಇರೋವಾಗ ಬ್ಲೆಂಡ್ ಇನ್ನೇನು ಕಡಿಮೆ ಮಾಡುತ್ತೆ?

ನಡುವನ್ನು ಇಳಿಸಕ್ಕಾಗಲ್ಲ, ಹಾಗಾಗಿ ಅಕ್ಕಪಕ್ಕದ್ದನ್ನು ಏರಿಸಬೇಕು. ಮೆನುವಿನಲ್ಲಿ Black Level ಅಂತ ಇರುತ್ತೆ. ಹೊರಗಿನ 12 ಅಡಿ, 12 ಅಡಿಯ ಕಪ್ಪನ್ನು ನಡುವಿನಷ್ಟೇ ಬೂದು ಆಗೋವರೆಗೆ ಏರಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ, ಹತ್ತು ನಿಮಿಷ ಬಿಟ್ಟು ಮಾಡಿ. ಕಪ್ಪು ಅಷ್ಟರ ಮಟ್ಟಿಗೆ ಮಾಸುತ್ತೆ, ಅದನ್ನು ತಪ್ಪಿಸಕ್ಕಾಗಲ್ಲ.

ನಿಜ ಹೇಳಬೇಕಂದ್ರೆ ನಿಮಗೆ ಇದು ಬೇಕಾಗಿಲ್ಲ. ಬೆಳಿಗ್ಗೆ ಸಭೆ, ಅರ್ಧ ದೀಪ ಉರೀತಿರುತ್ತೆ. ಆ ಬೆಳಕಿನಲ್ಲಿ ಸೋರಿಕೆ ಕಾಣಲ್ಲ. ಕಪ್ಪು ಹಿನ್ನೆಲೆಯ ಸ್ಲೈಡ್ ಇದ್ರೆ ತಿಳಿ ಬಣ್ಣ ಮಾಡಿಬಿಡಿ.

ಮದುವೆ ಕ್ಯಾಮೆರಾ · ಶನಿವಾರ, ರಾತ್ರಿ 9:05

ಲೆನ್ಸಿನ ಅಂಚಿಗೆ ಕಪ್ಪು ರಟ್ಟು ಅಡ್ಡ ಹಿಡಿದರೆ? ಸೋರೋ ಬೆಳಕೂ ತಡೆಯುತ್ತಲ್ಲ. ಫೋಟೋ ಪ್ರಿಂಟ್ ಹಾಕೋ ಕಾಲದಲ್ಲಿ ನಾವು ಹೀಗೇ ಕೈ ಅಡ್ಡ ಹಿಡೀತಿದ್ವಿ.

ಗುಬ್ಬಿ ಗೇಟ್ · ಶನಿವಾರ, ರಾತ್ರಿ 9:15

ಇದು ಒಳ್ಳೇ ಮಾತು. ತಾರಾಲಯದ ಗುಮ್ಮಟದಂಥ ಕಡೆ ನಿಜವಾಗಿ ಹಾಗೇ ಮಾಡ್ತಾರೆ, ಲೆನ್ಸ್ ಮುಂದೆ ಅಂಚು ತಡೆ ಕೂರಿಸ್ತಾರೆ. ರಟ್ಟು ಲೆನ್ಸಿಗೆ ಹತ್ತಿರ ಇದ್ದಷ್ಟೂ ನೆರಳು ಮೆತ್ತಗಿರುತ್ತೆ. ಆದ್ರೆ ಮೆನುವಿನ ಬ್ಲೆಂಡ್ ಜೊತೆಗೆ ರಟ್ಟೂ ಹಾಕಿದರೆ ಬಿಳಿ ಎರಡು ಸಲ ಕಡಿಮೆಯಾಗಿ ಮಬ್ಬು ಪಟ್ಟಿ ವಾಪಸ್ ಬರುತ್ತೆ. ಆಗ ಕರ್ವ್ ಪೂರ್ತಿ ಮತ್ತೆ ಮಾಡಬೇಕು. ಹಿಂದಿನ ರಾತ್ರಿ ಮಾಡೋ ಕೆಲಸ ಅಲ್ಲ.

ತಿಪಟೂರ್ ಹುಡುಗ · ಭಾನುವಾರ, ಸಂಜೆ 6:20

ಮುಗೀತು. ಅಕ್ಷರ, ಪಟ್ಟಿ ಯಾವ ತಕರಾರೂ ಬರಲಿಲ್ಲ. ಆದ್ರೆ ಎರಡು ವಿಷಯ.

ಒಂದು, ಬಲಗಡೆ ಬಿಳಿ ಸ್ವಲ್ಪ ಹಳದಿ ಹೊಡೀತಿತ್ತು. ಬೆಳಿಗ್ಗೆ ನೋಡಿದರೆ ಅದರ ಲ್ಯಾಂಪ್ ಎಡದ್ದಕ್ಕಿಂತ ಬಹಳ ಜಾಸ್ತಿ ಗಂಟೆ ಓಡಿದೆ. ಎಡದ್ದರ ಬೆಳಕನ್ನೇ ಇಳಿಸಿ, ನೀಲಿ ಗೇನ್ ಸ್ವಲ್ಪ ಕಡಿಮೆ ಮಾಡಿ ಹತ್ತಿರ ತಂದೆ. ಪೂರ್ತಿ ಸೇರಲಿಲ್ಲ.

ಎರಡು, ಪ್ರೊಜೆಕ್ಟರ್ ಇಟ್ಟಿದ್ದು ಬಾಲ್ಕನಿ ಮುಂದೆ. ಊಟಕ್ಕೆ ಬಿಟ್ಟಾಗ ಜನ ಬಾಲ್ಕನಿಯಿಂದ ಒಟ್ಟಿಗೆ ಎದ್ದರು ನೋಡಿ, ನಡುವಿನ ಅಕ್ಷರ ನಡುಗಕ್ಕೆ ಶುರುವಾಯ್ತು. ಒಂದು ಚಿತ್ರ ಈ ಕಡೆ, ಇನ್ನೊಂದು ಆ ಕಡೆ. ಒಂದೇ ಪ್ರೊಜೆಕ್ಟರ್ ಆಗಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಊಟ ಆದ ಮೇಲೆ ನೋಡಿದರೆ ಕೆಳಗಡೆ ಎರಡು ಪಿಕ್ಸೆಲ್ ತಪ್ಪಿಹೋಗಿತ್ತು.

ಗುಬ್ಬಿ ಗೇಟ್ · ಭಾನುವಾರ, ರಾತ್ರಿ 7:45

ಎರಡನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದರೆ ಒಟ್ಟಿಗೆ ಅಲ್ಲಾಡುತ್ತಿದ್ದವು, ಅಕ್ಷರ ಒಡೆಯೋದು ಕಡಿಮೆಯಾಗ್ತಿತ್ತು. ಬಣ್ಣದ ವಿಷಯದಲ್ಲಿ ನೀವು ಮಾಡಿದ್ದು ಸರಿ. ಹಳೇ ಲ್ಯಾಂಪಿಗೆ ಹೊಸದನ್ನೇ ಇಳಿಸಬೇಕು, ಹಳೇದನ್ನು ಏರಿಸಕ್ಕೆ ಬರಲ್ಲ. ಮುಂದಿನ ಸಲ ಬಾಡಿಗೆಗೆ ತರುವಾಗ ಮೆನುವಿನಲ್ಲಿ ಲ್ಯಾಂಪ್ ಗಂಟೆ ನೋಡಿ ಜೋಡಿ ಆರಿಸಿ.

ಡಿಜೆ ಕ್ಯಾತಸಂದ್ರ · ಭಾನುವಾರ, ರಾತ್ರಿ 8:02

ಒಂದು ಅನುಮಾನ. ಎರಡು ಪ್ರೊಜೆಕ್ಟರ್ ಹಾಕಿದರೆ ಜೋಡಣೆ ಸರಿಯಾಗಿ ನಡುವೆಯೇ ಬರುತ್ತೆ. ಅಧ್ಯಕ್ಷರ ಫೋಟೋ ಹಾಕೋದೂ ಅಲ್ಲೇ. ಮೂರು ಹಾಕಿದರೆ ನಡುವೆ ನೀಟಾಗಿ ಇರಲ್ವಾ?

ತಿಪಟೂರ್ ಹುಡುಗ · ಭಾನುವಾರ, ರಾತ್ರಿ 8:06

ಇರುತ್ತೆ. ಆಗ ಎರಡು ಜೋಡಣೆ. ನಾಳೆ ಫೋನ್ ಮಾಡ್ಬೇಡಿ, ಮಲಗಿರ್ತೀನಿ.